ನಿಯಮಗಿರಿ: ಸಮ್ಮತಿಯನ್ನು ಯಾವಾಗ, ಯಾರಿಂದ, ಯಾವುದಕ್ಕೆ ಕೇಳಬೇಕು

ಒಡಿಶಾದ ಕಾಳಾಹಂಡಿ ಮತ್ತು ರಾಯಗಡ ಜಿಲ್ಲೆಗಳ ಗಡಿಯಲ್ಲಿ ಹಬ್ಬಿರುವ ನಿಯಮಗಿರಿ ಬೆಟ್ಟಸಾಲಿನ ನೆತ್ತಿಯಲ್ಲಿ ಬಾಕ್ಸೈಟ್ ಅದಿರು ಇದೆ. ಅದನ್ನು ತೆಗೆಯಲು ಸುಮಾರು 660 ಹೆಕ್ಟೇರ್ ಅರಣ್ಯಭೂಮಿಯನ್ನು ಒಡಿಶಾ ಗಣಿ ನಿಗಮಕ್ಕೆ ವಹಿಸಿಕೊಡುವ ಪ್ರಸ್ತಾವ ಹುಟ್ಟಿ, ಹತ್ತು ವರ್ಷಗಳ ಕಾಲ ಕಚೇರಿಗಳಲ್ಲಿಯೂ ನ್ಯಾಯಾಲಯದಲ್ಲಿಯೂ ಓಡಾಡಿ, ಕೊನೆಗೆ ಹನ್ನೆರಡು ಪುಟ್ಟ ಊರುಗಳ ಗ್ರಾಮಸಭೆಗಳ ಮುಂದೆ ಬಂದು ಬಿದ್ದುಹೋಯಿತು. ಮೂಲನಿವಾಸಿಗಳ ಭೂಮಿಯ ಮೇಲೆ ಯಾವುದೇ ಯೋಜನೆ ಬರುವ ಮುನ್ನ ಅವರ ಮುಕ್ತ, ಪೂರ್ವಭಾವಿ ಹಾಗೂ ಮಾಹಿತಿಪೂರ್ಣ ಸಮ್ಮತಿ ಬೇಕು ಎಂಬ ತತ್ತ್ವವನ್ನು ಭಾರತದ ನೆಲದಲ್ಲಿ ಪರೀಕ್ಷಿಸಿದ ಪ್ರಕರಣಗಳಲ್ಲಿ ಇದರಷ್ಟು ದಾಖಲೆ ಉಳಿಸಿಹೋದದ್ದು ವಿರಳ. ಆದಿವಾಸಿಗಳು ಗೆದ್ದ ಕಥೆಯಾಗಿ ಇದನ್ನು ಹಲವರು ಹೇಳಿದ್ದಾರೆ, ಅದು ಸುಳ್ಳೂ ಅಲ್ಲ. ಆದರೆ ಆ ಗೆಲುವು ಎಷ್ಟು ತಡವಾಗಿ, ಎಷ್ಟು ಕಿರಿದಾದ ಬಾಗಿಲಿನಿಂದ ಬಂತು ಎಂಬುದನ್ನು ನೋಡದೆ ಹೋದರೆ ಸಮ್ಮತಿ ಎಂದರೇನು ಎಂಬ ಪ್ರಶ್ನೆಯ ಅರ್ಧ ಭಾಗ ನಮ್ಮ ಕಣ್ಣಿಗೆ ಬೀಳುವುದೇ ಇಲ್ಲ.

ಈ ಬೆಟ್ಟಗಳಲ್ಲಿ ಡೊಂಗ್ರಿಯಾ ಕೊಂಧರು ವಾಸಿಸುತ್ತಾರೆ. ಅವರ ಜನಸಂಖ್ಯೆ ಸುಮಾರು ಎಂಟು ಸಾವಿರ, ಮಾತು ಕುವಿ, ಸರ್ಕಾರದ ಪಟ್ಟಿಯಲ್ಲಿ ಅವರು ವಿಶೇಷವಾಗಿ ದುರ್ಬಲ ಬುಡಕಟ್ಟು ಸಮುದಾಯ. ಬೆಟ್ಟದ ಇಳಿಜಾರುಗಳಲ್ಲಿ ಸಿರಿಧಾನ್ಯ, ಶುಂಠಿ, ಅರಿಶಿನ, ಅನಾನಸ್, ಹಲಸು ಬೆಳೆಯುತ್ತಾರೆ, ಕಾಡಿನಿಂದ ಗೆಡ್ಡೆ, ಹಣ್ಣು, ಔಷಧಿ ತರುತ್ತಾರೆ. ಬೆಟ್ಟದ ಬುಡದ ಕೆಲವು ಊರುಗಳಲ್ಲಿ ಕುಟಿಯಾ ಕೊಂಧರೂ, ಅವರ ನೆರೆಯಲ್ಲಿ ದಲಿತ ಮತ್ತು ಗೌಡ ಕುಟುಂಬಗಳೂ ಇವೆ. ಇವರೆಲ್ಲರ ದೈವ ನಿಯಮರಾಜ. ಅವನ ನೆಲೆ ಬೆಟ್ಟದ ನೆತ್ತಿ. ಆ ನೆತ್ತಿಯಲ್ಲಿ ಯಾರೂ ಉಳುವುದಿಲ್ಲ, ಯಾರೂ ಮನೆ ಕಟ್ಟುವುದಿಲ್ಲ, ಅಲ್ಲಿಯ ಮರ ಕಡಿಯುವುದು ನಿಷಿದ್ಧ. ಮಳೆಗಾಲದ ನೀರನ್ನು ಹೀರಿಕೊಂಡು ವರ್ಷವಿಡೀ ನಿಧಾನವಾಗಿ ಬಿಟ್ಟುಕೊಡುವುದು ಅದೇ ಸರಂಧ್ರ ಬಾಕ್ಸೈಟ್ ಪದರ. ವಂಶಧಾರಾ ನದಿಯೂ ಅಸಂಖ್ಯ ಝರಿಗಳೂ ಈ ಬೆಟ್ಟಗಳಲ್ಲೇ ಹುಟ್ಟುತ್ತವೆ.

ಗಣಿ ಯೋಜನೆಯ ಪರವಾಗಿ ಪದೇ ಪದೇ ಕೇಳಿಬಂದ ವಾದಕ್ಕೆ ಆಧಾರವಾದದ್ದು ಇದೇ ಖಾಲಿ ನೆತ್ತಿ. ಗಣಿ ಪ್ರದೇಶದಲ್ಲಿ ಮನೆಗಳಿಲ್ಲ, ಹೊಲಗಳಿಲ್ಲ, ಆದ್ದರಿಂದ ಯಾರನ್ನೂ ಎಬ್ಬಿಸಬೇಕಾಗಿಲ್ಲ, ಎಬ್ಬಿಸದಿದ್ದ ಮೇಲೆ ಯಾರ ಹಕ್ಕಿಗೂ ಧಕ್ಕೆಯಿಲ್ಲ ಎಂಬುದು ಆ ವಾದದ ಸಾರ. ಕಂದಾಯ ದಾಖಲೆಯ ಕಣ್ಣಿನಿಂದ ನೋಡಿದರೆ ಇದು ಸರಿಯೆಂದೇ ಕಾಣುತ್ತದೆ, ಏಕೆಂದರೆ ಆ ದಾಖಲೆಗೆ ತಿಳಿದಿರುವುದು ಸಾಗುವಳಿ ಮತ್ತು ವಾಸ ಎರಡೇ. ಪಹಣಿಯಲ್ಲಿ ಹೆಸರಿಲ್ಲದ ನೆಲ ಸರ್ಕಾರದ ನೆಲ. ಆದರೆ ಡೊಂಗ್ರಿಯಾ ಜನರ ಮಟ್ಟಿಗೆ ಆ ನೆತ್ತಿಯನ್ನು ಬಳಸದೆ ಬಿಟ್ಟಿರುವುದೇ ಅದನ್ನು ಹೊಂದಿರುವ ಬಗೆ. ಕೆಳಗಿನ ಹೊಲಕ್ಕೆ ನೀರು ಬರುವುದು ಮೇಲಿನ ನೆಲವನ್ನು ಮುಟ್ಟದಿರುವುದರಿಂದ; ಮುಟ್ಟಬಾರದೆಂಬ ಕಟ್ಟಳೆ ನಿಂತಿರುವುದು ನಿಯಮರಾಜನ ಹೆಸರಿನಲ್ಲಿ. ಮೂಲನಿವಾಸಿಗಳ ಭೂಹಕ್ಕು ಎಂದಾಗ ನಾವು ಮಾತಾಡಬೇಕಾದದ್ದು ಈ ಬಗೆಯ ಒಡೆತನದ ಬಗ್ಗೆ. ತುಂಡು ತುಂಡು ಪಟ್ಟಾಗಳನ್ನು ಕೂಡಿಸಿದರೆ ಅದು ಸಿಗುವುದಿಲ್ಲ. 2006ರ ಅರಣ್ಯ ಹಕ್ಕು ಕಾಯ್ದೆ ಇದನ್ನು ಗುರುತಿಸಿದೆ: ಅದರ 3(1)(ಇ) ಪ್ರಕರಣವು ಇಂಥ ಸಮುದಾಯಗಳಿಗೆ ಅವರ ಇಡೀ ನೆಲೆಯ ಮೇಲೆ ಸಾಮುದಾಯಿಕ ಹಕ್ಕನ್ನು ಹೇಳುತ್ತದೆ, 5ನೆಯ ಪ್ರಕರಣವು ತಮ್ಮ ನೆಲೆಯನ್ನೂ ಸಾಂಸ್ಕೃತಿಕ ಪರಂಪರೆಯನ್ನೂ ಹಾನಿಯಿಂದ ಕಾಪಾಡಿಕೊಳ್ಳುವ ಅಧಿಕಾರವನ್ನು ಹಕ್ಕುದಾರರಿಗೂ ಗ್ರಾಮಸಭೆಗೂ ಕೊಡುತ್ತದೆ.

ಆದರೆ ಆ ಕಾಯ್ದೆ ಬರುವ ಹೊತ್ತಿಗೆ ನಿಯಮಗಿರಿಯಲ್ಲಿ ಬಹಳಷ್ಟು ನಡೆದುಹೋಗಿತ್ತು. ಗಣಿ ಗುತ್ತಿಗೆ ನಿಗಮದ ಹೆಸರಿನಲ್ಲಿ, ಅದಿರು ವೇದಾಂತ ಸಮೂಹದ ಸಂಸ್ಕರಣಾಗಾರಕ್ಕೆ ಎಂಬುದು ವ್ಯವಸ್ಥೆ. ಬೆಟ್ಟದ ಬುಡದ ಲಾಂಜಿಗಢದಲ್ಲಿ ವರ್ಷಕ್ಕೆ ಹತ್ತು ಲಕ್ಷ ಟನ್ ಅಲ್ಯೂಮಿನಾ ತಯಾರಿಸುವ ಈ ಕಾರ್ಖಾನೆಗೆ 2004ರ ಸೆಪ್ಟೆಂಬರಿನಲ್ಲಿ ಪರಿಸರ ಅನುಮತಿ ಸಿಕ್ಕಿತು. ಆಗ ಗಣಿಗೆ ಅರಣ್ಯ ಅನುಮತಿ ಇರಲಿಲ್ಲ. ಗಣಿ ಮತ್ತು ಕಾರ್ಖಾನೆ ಎರಡೂ ಒಂದೇ ಯೋಜನೆಯ ಎರಡು ಅಂಗಗಳಾಗಿದ್ದರೂ ಅವುಗಳನ್ನು ಬೇರೆ ಬೇರೆ ಕಡತಗಳಾಗಿ ನಡೆಸಲಾಯಿತು. ಕಾರ್ಖಾನೆಯ ಅರ್ಜಿಯಲ್ಲಿ ಅರಣ್ಯಭೂಮಿ ಒಳಗೊಂಡಿಲ್ಲ ಎಂದು ಹೇಳಿದ್ದರೂ ನಂತರ ಅದು ನಿಜವಲ್ಲವೆಂದು ಹೊರಬಿತ್ತು. ಅರಣ್ಯ ಪ್ರಕರಣಗಳಲ್ಲಿ ಸಲಹೆ ಕೊಡಲು ಸರ್ವೋಚ್ಚ ನ್ಯಾಯಾಲಯ ರಚಿಸಿದ್ದ ಕೇಂದ್ರ ಸಶಕ್ತ ಸಮಿತಿ 2005ರ ಸೆಪ್ಟೆಂಬರಿನ ವರದಿಯಲ್ಲೇ ಈ ಕ್ರಮವನ್ನು ಪ್ರಶ್ನಿಸಿತ್ತು. ಅಷ್ಟರಲ್ಲಿ ಕಾರ್ಖಾನೆಯ ಕಟ್ಟಡ ಮೇಲೇಳುತ್ತಿತ್ತು.

ಸಮ್ಮತಿ ಪೂರ್ವಭಾವಿಯಾಗಿರಬೇಕು ಎಂಬ ಷರತ್ತು ಕಾಗದದ ಮೇಲೆ ಸರಳವಾಗಿ ಕಾಣುತ್ತದೆ, ಕೆಲಸ ಶುರುವಾಗುವ ಮೊದಲು ಕೇಳಿದರಾಯಿತು ಎಂದು. ಲಾಂಜಿಗಢ ತೋರಿಸುವುದು, ಯಾವ ಕೆಲಸ ಶುರುವಾಗುವ ಮೊದಲು ಎಂಬುದೇ ನಿಜವಾದ ಪ್ರಶ್ನೆ ಎಂದು. ಗಣಿಯಲ್ಲಿ ಒಂದು ಗುದ್ದಲಿಯೂ ಬಿದ್ದಿರಲಿಲ್ಲ, ಹಾಗಾಗಿ ಗಣಿಯ ಲೆಕ್ಕದಲ್ಲಿ ಎಲ್ಲವೂ ಇನ್ನೂ ಪೂರ್ವದಲ್ಲೇ ಇತ್ತು. ಆದರೆ ಸಾವಿರಾರು ಕೋಟಿ ರೂಪಾಯಿ ಸುರಿದು ಕಟ್ಟಿದ ಕಾರ್ಖಾನೆಯೊಂದು ಬೆಟ್ಟದ ಬುಡದಲ್ಲಿ ಅದಿರಿಗಾಗಿ ಕಾಯುತ್ತ ನಿಂತ ಮೇಲೆ, ಮೇಲಿನವರನ್ನು ಕೇಳುವ ಪ್ರಶ್ನೆಯ ಸ್ವರೂಪವೇ ಬೇರೆಯಾಯಿತು. ಬೇಡವೆಂದರೆ ಆಗುವ ನಷ್ಟದ ಲೆಕ್ಕ ಅಧಿಕಾರಿಗಳ ಮೇಜಿನ ಮೇಲೆ ಮೊದಲೇ ಸಿದ್ಧವಾಗಿತ್ತು. ಮುಂದಿನ ಪ್ರತಿ ಹಂತದಲ್ಲಿಯೂ, ಹೂಡಿಕೆ ಆಗಿಹೋಗಿದೆ ಎಂಬ ಮಾತು ಹಕ್ಕಿನ ಮಾತಿಗೆ ಎದುರಾಗಿ ನಿಂತಿತು. ಈ ಪ್ರಕರಣದ ಅತ್ಯಂತ ದೊಡ್ಡ ದೋಷ ಇದೇ ಎಂದು ನಾನು ತಿಳಿಯುತ್ತೇನೆ, ಏಕೆಂದರೆ ಉಳಿದ ದೋಷಗಳನ್ನು ಸಭೆ ಕರೆದು, ಮಾಹಿತಿ ಕೊಟ್ಟು ತಿದ್ದಬಹುದು. ಕಟ್ಟಿನಿಂತ ಕಾರ್ಖಾನೆಯನ್ನು ಯಾವ ಸಭೆಯೂ ಕಟ್ಟದೇ ಇರುವಂತೆ ಮಾಡಲಾರದು.

2007ರ ಕೊನೆಯ ಕೆಲವು ತಿಂಗಳು ಈ ದೃಷ್ಟಿಯಿಂದ ಗಮನಾರ್ಹ. ಸೆಪ್ಟೆಂಬರ್ 13ರಂದು ವಿಶ್ವಸಂಸ್ಥೆಯ ಮಹಾಸಭೆ ಮೂಲನಿವಾಸಿಗಳ ಹಕ್ಕುಗಳ ಘೋಷಣೆಯನ್ನು 144 ಮತಗಳಿಂದ ಅಂಗೀಕರಿಸಿತು. ಭಾರತ ಪರವಾಗಿ ಮತ ಹಾಕಿತು, ಆದರೆ ಇಲ್ಲಿನ ಎಲ್ಲ ಜನರೂ ಮೂಲನಿವಾಸಿಗಳೇ ಎಂಬ ತನ್ನ ಹಳೆಯ ನಿಲುವನ್ನು ಬಿಡಲಿಲ್ಲ. ಆ ಘೋಷಣೆಯ 32ನೆಯ ವಿಧಿಯ ಪ್ರಕಾರ, ಮೂಲನಿವಾಸಿಗಳ ಭೂಮಿಯ ಮೇಲೆ, ವಿಶೇಷವಾಗಿ ಅಲ್ಲಿಯ ಖನಿಜ ಮತ್ತು ನೀರಿನ ಮೇಲೆ, ಪರಿಣಾಮ ಬೀರುವ ಯಾವುದೇ ಯೋಜನೆಗೆ ಒಪ್ಪಿಗೆ ಕೊಡುವ ಮೊದಲು ಸರ್ಕಾರವು ಅವರ ಸಮ್ಮತಿ ಪಡೆಯುವ ಸಲುವಾಗಿ ಅವರದೇ ಪ್ರಾತಿನಿಧಿಕ ಸಂಸ್ಥೆಗಳ ಮೂಲಕ ಸದ್ಭಾವದಿಂದ ಸಮಾಲೋಚಿಸಬೇಕು. ನವೆಂಬರ್ 28ರಂದು ಅಮೆರಿಕ ಖಂಡಗಳ ಮಾನವ ಹಕ್ಕು ನ್ಯಾಯಾಲಯವು ಸುರಿನಾಮ್ ದೇಶದ ಸಾರಮಾಕಾ ಜನರ ಪ್ರಕರಣದಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಜನರ ನೆಲದ ಬಹುಭಾಗದ ಮೇಲೆ ಗಾಢ ಪರಿಣಾಮ ಬೀರುವ ದೊಡ್ಡ ಯೋಜನೆಗಳಿಗೆ ಸಮಾಲೋಚನೆ ಮಾತ್ರ ಸಾಲದು, ಸಮ್ಮತಿಯನ್ನೇ ಪಡೆಯಬೇಕು ಎಂದಿತು. ಇವೆರಡರ ನಡುವೆ, ನವೆಂಬರ್ 23ರಂದು, ನಮ್ಮ ಸರ್ವೋಚ್ಚ ನ್ಯಾಯಾಲಯ ನಿಯಮಗಿರಿಯ ಬಗ್ಗೆ ಆದೇಶ ಕೊಟ್ಟಿತು. ವೇದಾಂತದ ಅರ್ಜಿಯನ್ನು ಒಪ್ಪದೆ, ಅದೇ ಸಮೂಹದ ಸ್ಟರ್‌ಲೈಟ್ ಕಂಪನಿ ಕೆಲವು ಷರತ್ತುಗಳಿಗೆ ಒಪ್ಪಿ ಮತ್ತೆ ಬರಬಹುದೆಂದು ಹೇಳಿತು. ಷರತ್ತುಗಳಲ್ಲಿ ಮುಖ್ಯವಾದದ್ದು, ಲಾಭದ ಶೇಕಡಾ 5 ಅಥವಾ ವರ್ಷಕ್ಕೆ 10 ಕೋಟಿ ರೂಪಾಯಿ, ಯಾವುದು ಹೆಚ್ಚೋ ಅದನ್ನು ಸ್ಥಳೀಯ ಅಭಿವೃದ್ಧಿಗೆ ಕೊಡಬೇಕೆಂಬುದು. ಕಂಪನಿ ಒಪ್ಪಿತು, 2008ರ ಆಗಸ್ಟ್ 8ರಂದು ದಾರಿ ತೆರೆಯಿತು, ಡಿಸೆಂಬರಿನಲ್ಲಿ ಮೊದಲ ಹಂತದ ಅರಣ್ಯ ಅನುಮತಿಯೂ ಸಿಕ್ಕಿತು. ಬುಡಕಟ್ಟು ಜನರ ಹಿತದ ಬಗ್ಗೆ ಆ ಆದೇಶಗಳಲ್ಲಿ ಕಾಳಜಿ ಇದೆ, ಹಣವೂ ಇದೆ. ಅವರನ್ನು ಕೇಳಬೇಕೆಂಬ ಯೋಚನೆ ಮಾತ್ರ ಇಲ್ಲ.

ಆ ಎರಡು ಆದೇಶಗಳ ನಡುವಣ ಅವಧಿಯಲ್ಲಿ, 2007ರ ಡಿಸೆಂಬರ್ 31ರಂದು, ಅರಣ್ಯ ಹಕ್ಕು ಕಾಯ್ದೆ ಜಾರಿಗೆ ಬಂದಿತ್ತು. ಅದರ 4(5) ಪ್ರಕರಣದಂತೆ, ಹಕ್ಕುಗಳನ್ನು ಗುರುತಿಸಿ ಪರಿಶೀಲಿಸುವ ಪ್ರಕ್ರಿಯೆ ಮುಗಿಯುವವರೆಗೆ ಅರಣ್ಯವಾಸಿಗಳನ್ನು ಅವರ ಸ್ವಾಧೀನದ ಅರಣ್ಯಭೂಮಿಯಿಂದ ತೆರವುಗೊಳಿಸುವಂತಿಲ್ಲ. 2009ರ ಆಗಸ್ಟ್ 3ರಂದು ಪರಿಸರ ಸಚಿವಾಲಯ ಹೊರಡಿಸಿದ ಸುತ್ತೋಲೆ ಇದಕ್ಕೆ ಹಲ್ಲು ಕೊಟ್ಟಿತು: ಅರಣ್ಯಭೂಮಿಯನ್ನು ಬೇರೆ ಉದ್ದೇಶಕ್ಕೆ ಕೊಡುವ ಪ್ರಸ್ತಾವದ ಜೊತೆಗೆ, ಹಕ್ಕು ಗುರುತಿಸುವ ಕೆಲಸ ಪೂರ್ಣಗೊಂಡಿದೆ ಎಂಬುದಕ್ಕೆ ಸಾಕ್ಷ್ಯವೂ, ಸದಸ್ಯರಲ್ಲಿ ಕನಿಷ್ಠ ಅರ್ಧದಷ್ಟು ಜನ ಹಾಜರಿದ್ದ ಗ್ರಾಮಸಭೆಯ ಒಪ್ಪಿಗೆಯ ಪತ್ರವೂ ಇರಬೇಕು. ಅಂತರರಾಷ್ಟ್ರೀಯ ತತ್ತ್ವವೊಂದು ಭಾರತದ ಕಡತದೊಳಕ್ಕೆ ಬಂದದ್ದು ಸಂವಿಧಾನ ತಿದ್ದುಪಡಿಯಿಂದಲ್ಲ, ಇಂಥದೊಂದು ಪತ್ರದಿಂದ ಎಂಬುದನ್ನು ನೆನಪಿಡಬೇಕು, ಏಕೆಂದರೆ ಪತ್ರದಿಂದ ಬಂದದ್ದು ಪತ್ರದಿಂದಲೇ ಹೋಗಲೂ ಬಲ್ಲದು.

ನಿಯಮಗಿರಿಯ ಪ್ರಸ್ತಾವ ಎರಡನೆಯ ಹಂತದ ಅನುಮತಿಗೆ ಬಂದಾಗ ಈ ಸುತ್ತೋಲೆ ಎದುರಾಯಿತು. ಕೇಂದ್ರ ಸರ್ಕಾರ ಎನ್. ಸಿ. ಸಕ್ಸೇನಾ ಅವರ ನೇತೃತ್ವದಲ್ಲಿ ನಾಲ್ವರ ಸಮಿತಿಯನ್ನು ಕಳಿಸಿತು. 2010ರ ಆಗಸ್ಟ್ 16ರಂದು ಆ ಸಮಿತಿ ಕೊಟ್ಟ ವರದಿ, ಕಾಯ್ದೆಯ ಪಾಲನೆಯಾಗಿದೆ ಎಂದು ಜಿಲ್ಲಾಡಳಿತ ಕಳಿಸಿದ್ದ ಪ್ರಮಾಣಪತ್ರಗಳು ನಿಜವಲ್ಲವೆಂದೂ, ಬೆಟ್ಟದ ಸಮುದಾಯದ ಹಕ್ಕುಗಳನ್ನು ಪರಿಗಣಿಸಿಯೇ ಇಲ್ಲವೆಂದೂ ಹೇಳಿತು. ಅಷ್ಟೇ ಮುಖ್ಯವಾದ ಇನ್ನೊಂದು ಲೆಕ್ಕವನ್ನೂ ಅದು ಮುಂದಿಟ್ಟಿತು. ಕಾರ್ಖಾನೆಯನ್ನು ಆರು ಪಟ್ಟು ವಿಸ್ತರಿಸುವ ಕೆಲಸ ಅನುಮತಿಯಿಲ್ಲದೆ ಸಾಗಿತ್ತು. ಹಾಗೆ ವಿಸ್ತರಿಸಿದ ಕಾರ್ಖಾನೆಗೆ ಈ ಬೆಟ್ಟದ ಸುಮಾರು 7.2 ಕೋಟಿ ಟನ್ ಅದಿರು ಸಾಲುತ್ತಿದ್ದುದು ನಾಲ್ಕು ವರ್ಷ ಮಾತ್ರ. ಎಂಟು ದಿನಗಳ ನಂತರ, ಆಗಸ್ಟ್ 24ರಂದು, ಆಗಿನ ಪರಿಸರ ಸಚಿವ ಜೈರಾಮ್ ರಮೇಶ್ ಅನುಮತಿ ನಿರಾಕರಿಸಿದರು.

ಮಾಹಿತಿಪೂರ್ಣ ಎಂಬ ಷರತ್ತಿನ ಅರ್ಥ ಆ ನಾಲ್ಕು ವರ್ಷದ ಲೆಕ್ಕದಲ್ಲಿದೆ. ಯೋಜನೆಯ ಪ್ರಯೋಜನವೇನು, ಕೆಲಸ ಎಷ್ಟು ಜನರಿಗೆ ಎಂದು ಹೇಳುವುದನ್ನು ಮಾಹಿತಿ ಎಂದು ತಿಳಿಯುವುದು ವಾಡಿಕೆ. ಊರಿನವರು ತೀರ್ಮಾನ ಮಾಡಲು ಬೇಕಾದ ಸಂಗತಿಗಳು ಬೇರೆ: ಅದಿರು ಎಷ್ಟು ವರ್ಷ ಬರುತ್ತದೆ, ಆಮೇಲೆ ಬೆಟ್ಟ ಹೇಗಿರುತ್ತದೆ, ಝರಿಗಳಿಗೆ ಏನಾಗುತ್ತದೆ, ಕಾರ್ಖಾನೆ ದೊಡ್ಡದಾದರೆ ಮುಂದಿನ ಬೆಟ್ಟ ಯಾವುದು. ಈ ಯಾವುದನ್ನೂ ಕಂಪನಿಯಾಗಲಿ ರಾಜ್ಯ ಸರ್ಕಾರವಾಗಲಿ ಕುವಿ ಮಾತಿನಲ್ಲಿ ಊರೂರಿಗೆ ಹೋಗಿ ಬಿಡಿಸಿ ಹೇಳಿದ ದಾಖಲೆ ಪ್ರಕರಣದ ಕಾಗದಗಳಲ್ಲಿ ಎದ್ದುಕಾಣುವುದಿಲ್ಲ. ಬೆಟ್ಟದ ಜನ ಬಲ್ಲದ್ದನ್ನು ಅವರಿಗೆ ತೋರಿಸಿಕೊಟ್ಟದ್ದು ಬುಡದಲ್ಲಿ ಆಗಲೇ ಓಡುತ್ತಿದ್ದ ಕಾರ್ಖಾನೆ ಮತ್ತು ಅದರ ತ್ಯಾಜ್ಯವಾದ ಕೆಂಪು ಕೆಸರಿನ ಕೊಳ. ಮಾಹಿತಿಯ ಹೊಣೆ ಹೊತ್ತವರು ಮೌನವಾಗಿದ್ದಾಗ ಜನ ಕಣ್ಣಾರೆ ಕಂಡದ್ದನ್ನೇ ಆಧಾರ ಮಾಡಿಕೊಂಡರು.

ನಿರಾಕರಣೆಯನ್ನು ಪ್ರಶ್ನಿಸಿ ಒಡಿಶಾ ಗಣಿ ನಿಗಮ ಸರ್ವೋಚ್ಚ ನ್ಯಾಯಾಲಯಕ್ಕೆ ಹೋಯಿತು. ನ್ಯಾಯಮೂರ್ತಿಗಳಾದ ಅಫ್ತಾಬ್ ಆಲಂ, ಕೆ. ಎಸ್. ರಾಧಾಕೃಷ್ಣನ್ ಮತ್ತು ರಂಜನ್ ಗೊಗೊಯ್ ಅವರ ಪೀಠ 2013ರ ಏಪ್ರಿಲ್ 18ರಂದು ತೀರ್ಪು ಕೊಟ್ಟಿತು. ಅರಣ್ಯ ಹಕ್ಕು ಕಾಯ್ದೆ ಕಾಪಾಡುವುದು ಆಸ್ತಿಯ ಹಕ್ಕನ್ನು ಮಾತ್ರವಲ್ಲ, ರೂಢಿಯ, ಧರ್ಮದ, ಸಂಸ್ಕೃತಿಯ ಹಕ್ಕುಗಳನ್ನೂ ಎಂದು ಪೀಠ ಹೇಳಿತು. ಸಂವಿಧಾನದ 25 ಮತ್ತು 26ನೆಯ ವಿಧಿಗಳನ್ನೂ, ಭಾರತ 1958ರಲ್ಲೇ ಅನುಮೋದಿಸಿದ್ದ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ 107ನೆಯ ಒಡಂಬಡಿಕೆಯನ್ನೂ ಅದು ನೆನಪಿಸಿತು. ನಿಯಮರಾಜನನ್ನು ಪೂಜಿಸುವ ಹಕ್ಕಿಗೆ ಗಣಿಯಿಂದ ಧಕ್ಕೆಯಾಗುವುದಾದರೆ ಆ ಹಕ್ಕನ್ನು ರಕ್ಷಿಸಲೇಬೇಕು, ಧಕ್ಕೆಯಾಗುತ್ತದೆಯೋ ಇಲ್ಲವೋ ಎಂಬುದನ್ನು ಗ್ರಾಮಸಭೆಗಳು ಹೇಳಬೇಕು ಎಂದಿತು. ಸಭೆಗಳಿಗೆ ಮೂರು ತಿಂಗಳು, ನಂತರ ಸಚಿವಾಲಯದ ತೀರ್ಮಾನಕ್ಕೆ ಎರಡು ತಿಂಗಳು. ಜಿಲ್ಲಾ ನ್ಯಾಯಾಧೀಶರ ದರ್ಜೆಯ ಅಧಿಕಾರಿಯೊಬ್ಬರು ವೀಕ್ಷಕರಾಗಿ ಕುಳಿತು, ಕಂಪನಿಯ ಅಥವಾ ಸರ್ಕಾರಗಳ ಪ್ರಭಾವವಿಲ್ಲದೆ ಸಭೆ ಸ್ವತಂತ್ರವಾಗಿ ನಡೆಯುವಂತೆ ನೋಡಿಕೊಳ್ಳಬೇಕು.

ಈ ತೀರ್ಪನ್ನು ಆದಿವಾಸಿಗಳಿಗೆ ನಿರಾಕರಣಾಧಿಕಾರ ಕೊಟ್ಟ ತೀರ್ಪು ಎಂದು ಕರೆಯುವವರು ಅದನ್ನು ಇನ್ನೊಮ್ಮೆ ಓದಬೇಕು. ಗಣಿ ಬೇಕೇ ಬೇಡವೇ ಎಂದು ಗ್ರಾಮಸಭೆಯನ್ನು ನೇರವಾಗಿ ಕೇಳಲಿಲ್ಲ. ಬಾಕಿ ಉಳಿದ ಹಕ್ಕಿನ ಅರ್ಜಿಗಳನ್ನೂ, ಧಾರ್ಮಿಕ ಮತ್ತು ಸಾಂಸ್ಕೃತಿಕ ಹಕ್ಕುಗಳಿಗೆ ಆಗುವ ಧಕ್ಕೆಯನ್ನೂ ಪರಿಶೀಲಿಸಲು ಹೇಳಿತು. ಅಂತಿಮ ತೀರ್ಮಾನ ಕೇಂದ್ರ ಸಚಿವಾಲಯದ್ದೇ, ಗ್ರಾಮಸಭೆಯ ನಿರ್ಣಯದ ಬೆಳಕಿನಲ್ಲಿ. ಖನಿಜದ ಒಡೆತನ ಯಾರದೆಂಬ ಪ್ರಶ್ನೆಯ ಮೇಲೆ ತೀರ್ಪು ನಿಂತಿಲ್ಲ. ಹಾಗಾದರೆ ಪೂಜೆಯ ಬೆಟ್ಟವಲ್ಲದ, ದೈವದ ನೆಲೆಯೆಂದು ಹೆಸರಾಗದ, ಆದರೂ ಊರಿನ ಬದುಕು ನಿಂತಿರುವ ಸಾಧಾರಣ ಕಾಡಿನ ಗತಿಯೇನು ಎಂಬ ಪ್ರಶ್ನೆ ಉಳಿಯುತ್ತದೆ. ವಿಶ್ವಸಂಸ್ಥೆಯ ಘೋಷಣೆ ಸಮ್ಮತಿಯನ್ನು ಭೂಮಿಗೂ ಸ್ವನಿರ್ಣಯಕ್ಕೂ ಕಟ್ಟಿದರೆ, ನಮ್ಮ ನ್ಯಾಯಾಲಯ ಅದನ್ನು ಬಹುಮಟ್ಟಿಗೆ ಪೂಜೆಗೆ ಕಟ್ಟಿತು. ಡೊಂಗ್ರಿಯಾ ಜನರ ಮಟ್ಟಿಗೆ ಪೂಜೆ, ನೀರು, ನೆಲ ಬೇರೆ ಬೇರೆಯಾಗಿರಲಿಲ್ಲವಾದ್ದರಿಂದ ಆ ಕಿರಿದಾದ ಬಾಗಿಲಿನಲ್ಲೂ ಅವರು ತಮ್ಮ ಪೂರ್ತಿ ಮಾತನ್ನು ಹೇಳಲು ಸಾಧ್ಯವಾಯಿತು. ಎಲ್ಲ ಸಮುದಾಯಗಳಿಗೂ ಅದು ಸಾಧ್ಯವಾಗುತ್ತದೆಂದು ನಂಬಲು ಕಾರಣವಿಲ್ಲ.

ಯಾರನ್ನು ಕೇಳಬೇಕು ಎಂಬುದೂ ವಿವಾದವಾಯಿತು. ಬೆಟ್ಟಸಾಲಿನ ಊರುಗಳ ಸಂಖ್ಯೆ ನೂರನ್ನು ಮೀರುತ್ತದೆ. ಒಡಿಶಾ ಸರ್ಕಾರ ಗಣಿ ಪ್ರದೇಶಕ್ಕೆ ಹತ್ತಿರವೆಂದು ರಾಯಗಡದ ಏಳು ಮತ್ತು ಕಾಳಾಹಂಡಿಯ ಐದು, ಒಟ್ಟು ಹನ್ನೆರಡು ಊರುಗಳನ್ನು ಆರಿಸಿತು. ಕೇಂದ್ರದ ಬುಡಕಟ್ಟು ವ್ಯವಹಾರಗಳ ಸಚಿವರಾಗಿದ್ದ ಕಿಶೋರ್ ಚಂದ್ರ ದೇವ್ ಇದನ್ನು ಬಲವಾಗಿ ಆಕ್ಷೇಪಿಸಿದರು. ನಿಯಮರಾಜನ ಮೇಲೆ ಹಕ್ಕಿರುವ ಎಲ್ಲ ಊರುಗಳನ್ನೂ ಕೇಳಬೇಕೆಂಬುದು ಅವರ ನಿಲುವು. ಆದರೂ ಹನ್ನೆರಡೇ ಉಳಿಯಿತು. ಪರಿಣಾಮಕ್ಕೆ ಒಳಗಾಗುವವರು ಯಾರು ಎಂಬ ಗೆರೆಯನ್ನು ಯೋಜನೆ ಬೇಕೆನ್ನುವ ಪಕ್ಷವೇ ಎಳೆದರೆ ಸಮ್ಮತಿಯ ಫಲಿತಾಂಶವನ್ನು ಅರ್ಧ ಬರೆದಂತೆಯೇ. ಘೋಷಣೆಯು ಜನರ ಸ್ವಂತ ಪ್ರಾತಿನಿಧಿಕ ಸಂಸ್ಥೆಗಳು ಎಂದು ಹೇಳುವುದು ಈ ಕಾರಣಕ್ಕೇ. ಗ್ರಾಮಸಭೆ ಅಂಥ ಸಂಸ್ಥೆಗೆ ಹತ್ತಿರದ್ದು, ಏಕೆಂದರೆ ಅರಣ್ಯ ಹಕ್ಕು ಕಾಯ್ದೆಯ ಗ್ರಾಮಸಭೆ ಪಂಚಾಯಿತಿ ಮಟ್ಟದ್ದಲ್ಲ, ಒಂದೊಂದು ಪುಟ್ಟ ಊರಿನ ಎಲ್ಲ ವಯಸ್ಕರ ಸಭೆ. ಆದರೆ ಬೆಟ್ಟ ಒಂದೇ ಆಗಿದ್ದು ಊರುಗಳು ನೂರಾದಾಗ, ಊರೊಂದನ್ನೇ ಘಟಕವಾಗಿ ತೆಗೆದುಕೊಳ್ಳುವ ಕಾಯ್ದೆಯ ಕ್ರಮ ಸಾಲದಾಗುತ್ತದೆ.

ಸಭೆಗಳು 2013ರ ಜುಲೈ 18ರಂದು ಸೆರ್ಕಪಾಡಿಯಲ್ಲಿ ಆರಂಭವಾಗಿ ಆಗಸ್ಟ್ 19ರಂದು ಜರಪಾದಲ್ಲಿ ಮುಗಿದವು. ನ್ಯಾಯಾಧೀಶರು, ಕಂದಾಯ ಮತ್ತು ಅರಣ್ಯ ಅಧಿಕಾರಿಗಳು, ಪತ್ರಕರ್ತರು ಮಳೆಗಾಲದ ಕೆಸರಿನಲ್ಲಿ ಬೆಟ್ಟ ಹತ್ತಿ ಬಂದರು; ಸುತ್ತ ಶಸ್ತ್ರಸಜ್ಜಿತ ಪೊಲೀಸರು ನಿಂತಿದ್ದರು. ಅಧಿಕಾರಿಗಳು ತಾವು ಅಳೆದು ತಂದ ಹಕ್ಕಿನ ವರದಿಗಳನ್ನು ಓದಿದರು. ಅವುಗಳಲ್ಲಿ ಊರಿಗೆ ಇಂತಿಷ್ಟು ನೆಲ, ಪೂಜಾಸ್ಥಳಕ್ಕೆ ಇಂತಿಷ್ಟು ಜಾಗ ಎಂದು ಗುರುತಿಸಿದ್ದನ್ನು ಜನ ಒಪ್ಪಲಿಲ್ಲ. ನಿಯಮರಾಜ ಒಂದು ಕಲ್ಲಿನಲ್ಲೋ ಒಂದು ಗುಡಿಯಲ್ಲೋ ಇರುವವನಲ್ಲ, ಇಡೀ ಬೆಟ್ಟವೇ ಅವನ ನೆಲೆ, ಅಲ್ಲಿಯ ನೀರು, ಮರ, ಗೆಡ್ಡೆ ಎಲ್ಲವೂ ಅವನದು ಎಂದು ಒಬ್ಬರ ನಂತರ ಒಬ್ಬರು ಕುವಿಯಲ್ಲಿಯೂ ಒಡಿಯಾದಲ್ಲಿಯೂ ಹೇಳಿದರು. ಹೆಂಗಸರು ಮುಂದೆ ಬಂದು ಮಾತಾಡಿದರು. ಊರವರ ಮಾತನ್ನು ಠರಾವಿನಲ್ಲಿ ದಾಖಲಿಸಲಾಯಿತು. ಹನ್ನೆರಡು ಊರುಗಳೂ ಬೇಡವೆಂದವು. ಬುಡಕಟ್ಟಿಗೆ ಸೇರದ ಕುಟುಂಬಗಳಿದ್ದ ಊರುಗಳೂ ಬೇರೆ ಮಾತು ಆಡಲಿಲ್ಲ.

ಈ ಸಭೆಗಳು ಮುಕ್ತವಾಗಿದ್ದವೇ? ಪೊಲೀಸರ ಸಾಲಿನ ನಡುವೆ, ವರ್ಷಗಳ ಒತ್ತಡದ ನಂತರ ನಡೆದ ಸಭೆಗಳನ್ನು ಪೂರ್ತಿ ಮುಕ್ತವೆಂದು ಹೇಳಲು ನನಗೆ ಮನಸ್ಸು ಬರುವುದಿಲ್ಲ. ಆದರೂ ಇಲ್ಲಿ ಮೂರು ಸಂಗತಿಗಳು ಸಾಮಾನ್ಯ ಸಾರ್ವಜನಿಕ ಅಹವಾಲು ಸಭೆಗಿಂತ ಬೇರೆಯಾಗಿದ್ದವು. ಸಭೆ ನಡೆದದ್ದು ಊರಿನೊಳಗೇ, ದೂರದ ತಾಲ್ಲೂಕು ಕೇಂದ್ರದಲ್ಲಲ್ಲ. ಒಂದು ದಿನಕ್ಕೆ ಒಂದೇ ಊರಿನ ಸಭೆ ನಡೆಯುತ್ತಿದ್ದುದರಿಂದ ಪ್ರತಿ ಸಭೆಯ ಮೇಲೂ ಎಲ್ಲರ ಕಣ್ಣಿತ್ತು. ಜಿಲ್ಲಾಡಳಿತಕ್ಕೂ ಕಂಪನಿಗೂ ಉತ್ತರಿಸಬೇಕಾಗಿಲ್ಲದ ವ್ಯಕ್ತಿಯೊಬ್ಬರು ಎಲ್ಲವನ್ನೂ ಕೂತು ಕೇಳುತ್ತಿದ್ದರು. ಠರಾವಿನಲ್ಲಿ ಬರೆದದ್ದು ಊರಿನವರು ಆಡಿದ ಮಾತೇ ಎಂಬುದಕ್ಕೆ ಇದು ಸಾಕ್ಷಿಯಾಯಿತು. ಇವುಗಳಲ್ಲಿ ಯಾವುದೂ ಕಾಯ್ದೆಯಲ್ಲಿ ಬರೆದದ್ದಲ್ಲ, ನ್ಯಾಯಾಲಯ ಈ ಒಂದು ಪ್ರಕರಣಕ್ಕಾಗಿ ಹೇಳಿದ ಅಥವಾ ಸಂದರ್ಭದಿಂದ ಒದಗಿದ ವ್ಯವಸ್ಥೆ. ಬೇರೆ ಗಣಿಗಳ ಬೇರೆ ಊರುಗಳಿಗೆ ಅದು ತಾನಾಗಿ ದೊರೆಯುವುದಿಲ್ಲ.

2014ರ ಜನವರಿಯಲ್ಲಿ, ಕೇಂದ್ರ ಪರಿಸರ ಖಾತೆ ಕರ್ನಾಟಕದ ವೀರಪ್ಪ ಮೊಯ್ಲಿಯವರ ಬಳಿ ಇದ್ದಾಗ, ಸಚಿವಾಲಯ ಗಣಿ ಪ್ರಸ್ತಾವವನ್ನು ತಿರಸ್ಕರಿಸಿತು. ಪ್ರಕರಣ ಅಲ್ಲಿಗೆ ಮುಗಿಯಲಿಲ್ಲ. 2016ರಲ್ಲಿ ನಿಗಮ ಮತ್ತೆ ಸರ್ವೋಚ್ಚ ನ್ಯಾಯಾಲಯಕ್ಕೆ ಹೋಗಿ ಗ್ರಾಮಸಭೆಗಳನ್ನು ಹೊಸದಾಗಿ ನಡೆಸಲು ಅವಕಾಶ ಕೇಳಿತು. ಮೇ ತಿಂಗಳಿನಲ್ಲಿ ನ್ಯಾಯಾಲಯ ಅದನ್ನು ಒಪ್ಪಲಿಲ್ಲ. ಒಮ್ಮೆ ಹೌದು ಎಂದ ಊರನ್ನು ಯಾರೂ ಎರಡನೆಯ ಸಲ ಕೇಳಲು ಹೋಗುವುದಿಲ್ಲ, ಬೇಡವೆಂದ ಊರನ್ನು ಮಾತ್ರ ಮತ್ತೆ ಮತ್ತೆ ಕೇಳಬಹುದು ಎಂಬುದು ವಾಡಿಕೆಯಾದರೆ ಸಮ್ಮತಿಗೆ ಅರ್ಥವಿರುವುದಿಲ್ಲ. ಬೇಡ ಎಂಬ ಉತ್ತರಕ್ಕೆ ಎಷ್ಟು ಕಾಲದ ಆಯುಸ್ಸು, ಪ್ರಸ್ತಾವ ಎಷ್ಟು ಬದಲಾದರೆ ಮತ್ತೆ ಕೇಳಬಹುದು ಎಂಬುದನ್ನು ನಮ್ಮ ಕಾಯ್ದೆ ಹೇಳಿಲ್ಲ. ಗಣಿ ನಿಂತರೂ ಕಾರ್ಖಾನೆ ನಿಲ್ಲಲಿಲ್ಲ. ಅದು ಹೊರಗಿನ ಅದಿರಿನಿಂದ ನಡೆಯುತ್ತಿದೆ.

ಈ ನಡುವೆ ನಿಯಮಗಳು ಸರಿದಿವೆ. 2013ರ ಫೆಬ್ರವರಿಯಲ್ಲೇ ರಸ್ತೆ, ಕಾಲುವೆ, ವಿದ್ಯುತ್ ಮಾರ್ಗಗಳಂಥ ನೀಳ ಯೋಜನೆಗಳಿಗೆ, ದುರ್ಬಲ ಬುಡಕಟ್ಟುಗಳ ಹಕ್ಕಿಗೆ ಧಕ್ಕೆಯಾಗದ ಕಡೆ, ಗ್ರಾಮಸಭೆಯ ಒಪ್ಪಿಗೆಯಿಂದ ವಿನಾಯಿತಿ ಕೊಡಲಾಗಿತ್ತು. 2022ರ ಅರಣ್ಯ ಸಂರಕ್ಷಣಾ ನಿಯಮಗಳ ಮತ್ತು ಅವುಗಳ ಬದಲಿಗೆ 2023ರಲ್ಲಿ ಬಂದ ನಿಯಮಗಳ ಪ್ರಕಾರ ಕೇಂದ್ರ ಸರ್ಕಾರ ತನ್ನ ಅಂತಿಮ ಅನುಮತಿಯನ್ನು ಮೊದಲು ಕೊಡಬಹುದು. ಅರಣ್ಯ ಹಕ್ಕು ಕಾಯ್ದೆಯ ಪಾಲನೆಯಾಗಿದೆಯೇ ಎಂದು ನೋಡುವುದು ಭೂಮಿ ಹಸ್ತಾಂತರಕ್ಕೆ ಮುನ್ನ ರಾಜ್ಯ ಸರ್ಕಾರದ ಕೆಲಸ. ಲಾಂಜಿಗಢದಲ್ಲಿ ಕಾರ್ಖಾನೆ ಮೊದಲು ನಿಂತು ಪ್ರಶ್ನೆ ಆಮೇಲೆ ಬಂದದ್ದು ಅಕ್ರಮವೆನಿಸಿತ್ತು. ಈಗ ಅನುಮತಿ ಮೊದಲು, ಊರಿನ ಮಾತು ಆಮೇಲೆ ಎಂಬುದೇ ಕ್ರಮವಾಗಿದೆ. ಕಂಪನಿ ಹಣ ಕಟ್ಟಿ, ದೆಹಲಿಯ ಅನುಮತಿ ಹಿಡಿದು ಬಂದ ಮೇಲೆ ಗಣಿಯ ವರಮಾನಕ್ಕೆ ಕಾದಿರುವ ರಾಜ್ಯ ಸರ್ಕಾರವೇ ಊರನ್ನು ಕೇಳಬೇಕಾದ ಸ್ಥಿತಿ ಇದು.

ಕರ್ನಾಟಕದ ಓದುಗರು ಇದನ್ನು ದೂರದ ಸಂಗತಿಯೆಂದು ತಿಳಿಯಬಾರದು. ನಮ್ಮಲ್ಲಿ ಜೇನುಕುರುಬರೂ ಕೊರಗರೂ ಅದೇ ದುರ್ಬಲ ಬುಡಕಟ್ಟುಗಳ ಪಟ್ಟಿಯಲ್ಲಿದ್ದಾರೆ, ಆದರೆ ನಮ್ಮ ರಾಜ್ಯದಲ್ಲಿ ಸಂವಿಧಾನದ ಐದನೆಯ ಅನುಸೂಚಿಯ ಬುಡಕಟ್ಟು ಪ್ರದೇಶಗಳಿಲ್ಲ, ಹಾಗಾಗಿ ಅಂಥ ಕಡೆ ಗ್ರಾಮಸಭೆಗೆ ಅಧಿಕಾರ ಕೊಡುವ, ಅನುಸೂಚಿತ ಪ್ರದೇಶಗಳ 1996ರ ಪಂಚಾಯಿತಿ ಕಾಯ್ದೆ ಇಲ್ಲಿ ಅನ್ವಯಿಸುವುದಿಲ್ಲ. ರಾಯಗಡದ ಊರಿಗೆ ಇದ್ದ ಎರಡು ಆಸರೆಗಳಲ್ಲಿ ಒಂದು ಇಲ್ಲಿ ಇಲ್ಲವೇ ಇಲ್ಲ. 2011ರಲ್ಲಿ ಬಿಳಿಗಿರಿರಂಗನ ಬೆಟ್ಟದ ಸೋಲಿಗರ 25 ಗ್ರಾಮಸಭೆಗಳಿಗೆ ಸಾಮುದಾಯಿಕ ಅರಣ್ಯ ಹಕ್ಕು ದೊರೆತದ್ದು ಅರಣ್ಯ ಹಕ್ಕು ಕಾಯ್ದೆಯೊಂದರಿಂದಲೇ. ಆ ಕಾಯ್ದೆಯ ಗ್ರಾಮಸಭೆ ಸಡಿಲವಾದರೆ ಇಲ್ಲಿ ಹಿಡಿದುಕೊಳ್ಳಲು ಬೇರೆ ಕೊಂಬೆ ಇಲ್ಲ.

ನಿಯಮಗಿರಿಗೆ ಸಮೀಪದಲ್ಲಿ, ಅದೇ ಎರಡು ಜಿಲ್ಲೆಗಳಲ್ಲಿ, ಸಿಜಿಮಾಲಿ ಎಂಬ ಇನ್ನೊಂದು ಬಾಕ್ಸೈಟ್ ಬೆಟ್ಟವಿದೆ. ಅದರ ಗಣಿ ಗುತ್ತಿಗೆಯ ಹರಾಜಿನಲ್ಲಿ ಗೆದ್ದದ್ದೂ ವೇದಾಂತವೇ. 2023ರ ಡಿಸೆಂಬರಿನಲ್ಲಿ ಅಲ್ಲಿಯ ಗ್ರಾಮಸಭೆಗಳು ಒಪ್ಪಿಗೆ ಕೊಟ್ಟಿವೆ ಎಂದು ಆಡಳಿತದ ದಾಖಲೆ ಹೇಳುತ್ತದೆ. ಅಂಥ ಸಭೆಗಳು ನಡೆದೇ ಇಲ್ಲ, ಠರಾವುಗಳು ನಕಲಿ ಎಂದು ಆ ಊರುಗಳ ಜನ ಆರೋಪಿಸಿದ್ದಾರೆ. ಇಂಥ ಠರಾವುಗಳನ್ನು ಪರಿಶೀಲಿಸುವವರು ಕೆಲವು ಸಂಗತಿಗಳನ್ನು ಕೇಳಿದರೆ ಸಾಕು: ಸಭೆಯ ನೋಟಿಸು ಯಾವಾಗ, ಯಾವ ಮಾತಿನಲ್ಲಿ ಬಂತು, ಹಾಜರಾತಿ ಪುಸ್ತಕದಲ್ಲಿ ಅರ್ಧದಷ್ಟು ವಯಸ್ಕರೂ ಅವರಲ್ಲಿ ಮೂರನೆಯ ಒಂದು ಭಾಗ ಹೆಂಗಸರೂ ಇದ್ದಾರೆಯೇ, ಬೇರೆ ಬೇರೆ ಊರುಗಳ ಠರಾವುಗಳ ವಾಕ್ಯಗಳು ಒಂದೇ ಆಗಿವೆಯೇ, ಒಬ್ಬರೇ ಅಧಿಕಾರಿ ಒಂದೇ ದಿನ ಎಷ್ಟು ಊರುಗಳ ಸಭೆಗೆ ಸಹಿ ಹಾಕಿದ್ದಾರೆ, ಸಭೆಯಲ್ಲಿ ಎದ್ದ ಒಂದಾದರೂ ಪ್ರಶ್ನೆ, ಒಂದಾದರೂ ಭಿನ್ನಮತ ದಾಖಲಾಗಿದೆಯೇ. ಸೆರ್ಕಪಾಡಿಯಿಂದ ಜರಪಾದವರೆಗಿನ ಹನ್ನೆರಡು ಸಭೆಗಳಿಗೆ ನ್ಯಾಯಾಲಯ ಕಳಿಸಿದ್ದಂಥ ವೀಕ್ಷಕರನ್ನು ಪ್ರತಿ ಗಣಿಯ ಗ್ರಾಮಸಭೆಗೂ ಕಳಿಸಬೇಕೆಂದು ನಿಯಮಗಳಲ್ಲಿ ಬರೆಯಲು ಕೇಂದ್ರಕ್ಕೆ ಯಾವ ಅಡ್ಡಿಯೂ ಇಲ್ಲ.